ದೇವರ ನಡೆಗೆ ತಕ್ಕ ವಾಲಗ

ನಮ್ಮ ಗೆಟ್ಟವಾಡಿ ಕಡೆ ಇದನ್ನ ವಾಲಗ ಅಂತೀವಿ. ಘಾಟಿ ಇಳಿದು ಸತ್ಯಮಂಗಲಕ್ಕೆ ಹೋದರೆ ಅದೇ ನಾಯನ, ಮೇಳ. ನಮ್ಮ ಡೋಲು ಅಲ್ಲಿ ತವಿಲ್. ಊರಮ್ಮನ ಹಬ್ಬಕ್ಕೆ ತಮಟೆ, ನಗಾರಿ ಸಾಕು. ಆದರೆ ದಿನಕ್ಕೆ ಇಷ್ಟು ಪೂಜೆ, ಇಷ್ಟು ಉತ್ಸವ ಅಂತ ಕಟ್ಟಳೆ ಇರುವ ದೊಡ್ಡ ದೇವಸ್ಥಾನದಲ್ಲಿ ವಾಲಗ ಅನ್ನೋದು ಒಂದು ಊಳಿಗ. ಅರ್ಚಕರಂತೆ, ಪಲ್ಲಕ್ಕಿ ಹೊರುವವರಂತೆ ಅವರದೂ ಒಂದು ಕೆಲಸ.

ಈ ಊಳಿಗದಲ್ಲಿ ಯಾವುದನ್ನ ಎಷ್ಟು ಹೊತ್ತು ನುಡಿಸಬೇಕು ಅನ್ನೋದು ವಾಲಗದವನ ಕೈಲಿಲ್ಲ, ದೇವರ ಕೈಲಿದೆ. ಬೆಳಗಿನ ಜಾವ ಬಾಗಿಲು ತೆಗೆಯುವಾಗ ಭೂಪಾಳ, ರಾತ್ರಿ ದೇವರನ್ನ ಮಲಗಿಸುವಾಗ ನೀಲಾಂಬರಿ. ಕಚೇರಿಯಲ್ಲಿ ಹಾಗಲ್ಲ. ಅಲ್ಲಿ ಎರಡು ಗಂಟೆ, ಮೂರು ಗಂಟೆ ಅಂತ ಮೊದಲೇ ಗೊತ್ತು. ಏನು ನುಡಿಸಬೇಕು ಅಂತ ಅವನೇ ಆರಿಸ್ತಾನೆ, ಜನ ಕೂತು ಕೇಳ್ತಾರೆ.

ಇದನ್ನ ಸರಿಯಾಗಿ ತಿಳಿಯಬೇಕಾದರೆ ಮಲ್ಲಾರಿಯನ್ನ ನೋಡಬೇಕು. ಉತ್ಸವದ ದೇವರು ಒಳಗಿಂದ ಹೊರಡುವಾಗ ನುಡಿಸೋದು ಇದು. ಮೊದಲು ಡೋಲು ಒಂದೇ ಏಳುತ್ತೆ. ಎಡಗಡೆಗೆ ಕಡ್ಡಿಯ ಪೆಟ್ಟು, ಬಲಗಡೆಗೆ ಬೆರಳಿನ ಪೆಟ್ಟು. ಆ ಬೆರಳುಗಳಿಗೆ ಬಟ್ಟೆ ಸುತ್ತಿ, ಅಂಟು ಹಾಕಿ ಒಣಗಿಸಿ ಮಾಡಿದ ಗಟ್ಟಿ ಟೋಪಿ ತೊಟ್ಟಿರ್ತಾರೆ. ಸದ್ದು ಬೀದಿ ತುದಿಗೆ ಕೇಳೋದು ಅದರಿಂದಲೇ. ಡೋಲು ಕೇಳಿದ ಜನ ದೇವರು ಹೊರಟರು ಅಂತ ಎದ್ದು ನಿಲ್ತಾರೆ. ಆಮೇಲೆ ನಾಗಸ್ವರ ಗಂಭೀರನಾಟ ರಾಗದಲ್ಲಿ ಮಲ್ಲಾರಿ ಹಿಡಿಯುತ್ತೆ. ಅದಕ್ಕೆ ಸಾಹಿತ್ಯ ಇಲ್ಲ, ಬರೀ ಸ್ವರ. ನನ್ನಂಥ ಪದ ಹೇಳುವವನಿಗೆ ಪದವೇ ಇಲ್ಲದ ಹಾಡು ಸೋಜಿಗ! ಒಂದೇ ಮಟ್ಟನ್ನ ಮೊದಲು ನಿಧಾನವಾಗಿ, ಆಮೇಲೆ ಎರಡರಷ್ಟು, ಕೊನೆಗೆ ನಾಲ್ಕರಷ್ಟು ಬಿರುಸಾಗಿ ನುಡಿಸ್ತಾರೆ. ತಾಳದವನ ತಾಳ ಮಾತ್ರ ಮೊದಲು ಹೇಗಿತ್ತೋ ಹಾಗೇ. ಹೊರುವವರ ಹೆಜ್ಜೆ ಕೆಡದೆ ಇರೋದು ಆ ತಾಳದಿಂದ.

ಗೋಪುರ ದಾಟಿ ಬೀದಿಗೆ ಬಂದ ಮೇಲೆ ರಾಗಾಲಾಪನೆಗೆ ಜಾಗ. ಮೂಲೆಯಲ್ಲಿ ಮಂಗಳಾರತಿಗೆ ದೇವರು ನಿಂತರೆ, ಕಾಯಿ ಒಡೆಯುವವರು ನೂರು ಜನ ಇದ್ದರೆ, ಅದೇ ರಾಗವನ್ನ ಅಷ್ಟು ಹೊತ್ತು ಬೆಳೆಸಬೇಕು. ಪಲ್ಲಕ್ಕಿ ಎದ್ದಿತೋ, ಬೆಳೆಸಿದ್ದನ್ನ ಅಲ್ಲೇ ಮುಗಿಸಬೇಕು. ಅದಕ್ಕೇ ಅವರ ಒಂದು ಕಣ್ಣು ಯಾವಾಗಲೂ ದೇವರ ಕಡೆಗೆ. ರಾಗವನ್ನ ಗಂಟೆಗಟ್ಟಲೆ ಬೆಳೆಸುವ ಶಕ್ತಿ ನಾಗಸ್ವರದವರಿಗೆ ಬಂದದ್ದು ಹೀಗೆ ಬೀದಿಯಲ್ಲಿ ಕಾದು ಕಾದು ಅಂತ ನನ್ನ ಎಣಿಕೆ. ಇನ್ನು ಅಭಿಷೇಕದ ನೀರು ತರುವಾಗ ತೀರ್ಥ ಮಲ್ಲಾರಿ, ಮಡಪಳ್ಳಿಯಿಂದ ನೈವೇದ್ಯ ಬರುವಾಗ ತಳಿಗೆ ಮಲ್ಲಾರಿ, ತೇರು ಎಳೆಯುವಾಗ ತೇರಿನ ಮಲ್ಲಾರಿ. ಒಳಗೆ ಏನು ನಡೀತಿದೆ ಅಂತ ಕಿವಿಯಲ್ಲೇ ತಿಳೀತಿತ್ತು.

ವೇದಿಕೆ ಬಂದಾಗ ವಾದ್ಯವೇ ಬದಲಾಯಿತು. ಹಿಂದೆ ಇದ್ದದ್ದು ತಿಮಿರಿ, ಗಿಡ್ಡ ನಾಗಸ್ವರ, ಏರು ಶ್ರುತಿ. ಬಯಲಲ್ಲಿ ದೂರ ಕೇಳೋಕೆ ಅದು ಸರಿ. ಕೂತು ಕೇಳುವವರಿಗೆ ಕಿವಿ ಚುಚ್ಚುತ್ತೆ. ತಂಜಾವೂರು ಸೀಮೆಯ ಟಿ.ಎನ್. ರಾಜರತ್ನಂ ಪಿಳ್ಳೆ (1898–1956) ಅವರಿಗಾಗಿ ನರಸಿಂಗಂಪೇಟೆಯ ರಂಗನಾಥ ಆಚಾರಿ ಉದ್ದನೆಯ ಬಾರಿ ನಾಗಸ್ವರ ಕಡೆದು ಕೊಟ್ಟರು. ಸುಮಾರು ಎರಡೂವರೆ ಅಡಿ, ತಗ್ಗಿನ ಶ್ರುತಿ. ತಿಮಿರಿಯಲ್ಲಿ ಉಸಿರಿನ ಉಪಾಯದಿಂದ ಹುಡುಕಬೇಕಾಗಿದ್ದ ಶುದ್ಧ ಮಧ್ಯಮ ಇದರಲ್ಲಿ ನೇರವಾಗಿ ಸಿಕ್ಕಿತು. ನಿಂತು, ನಡೆದು ನುಡಿಸುತ್ತಿದ್ದ ಕುಲದವರು ವೇದಿಕೆ ಮೇಲೆ ಕೂತು ನುಡಿಸಬೇಕು ಅಂತ ಹಟ ಹಿಡಿದವರೂ ಪಿಳ್ಳೆಯವರೇ. ಅದು ದೊಡ್ಡ ಮಾತು. ದೇವರ ಮುಂದೆ ಬೇಕಾದ ಕಲೆಗಾರ ಜನರ ಮುಂದೆ ಕೂರಬಾರದು ಅನ್ನೋದು ಯಾವ ನ್ಯಾಯ?

ಆದರೆ ಕಚೇರಿಗೆ ಹೋದ ಮಲ್ಲಾರಿ ಮೊದಲ ಐದು ಹತ್ತು ನಿಮಿಷದ ಒಂದು ಐಟಂ ಆಯಿತು. ಎದುರಿಗೆ ಪಲ್ಲಕ್ಕಿ ಇಲ್ಲ, ಕಾಯಬೇಕಾದ್ದೂ ಇಲ್ಲ. ಶ್ರುತಿಗೆ ಉಸಿರು ಬಿಡದೆ ಒತ್ತು ಊದುತ್ತಿದ್ದವನೂ ಹೋದ, ಅವನ ಜಾಗಕ್ಕೆ ಶ್ರುತಿಪೆಟ್ಟಿಗೆ ಬಂತು.

ಈಗ ಆ ಕಚೇರಿಯ ರೆಕಾರ್ಡು ತಿರುಗಿ ದೇವಸ್ಥಾನಕ್ಕೇ ಬಂದಿದೆ, ಮೈಕಿನಲ್ಲಿ. ಮಂಗಳಾರತಿಗೆ ಕರೆಂಟಿನ ನಗಾರಿ. ಒಂದು ಜಾತ್ರೆಯಲ್ಲಿ ನಾನೇ ಕಂಡೆ: ಮಟಮಟ ಮಧ್ಯಾಹ್ನ ತೇರು ಹೊರಡಬೇಕು, ಮೈಕಿನಲ್ಲಿ ನೀಲಾಂಬರಿ, ದೇವರನ್ನ ಮಲಗಿಸುವ ರಾಗ! ಗಾಲಿಗೆ ಚಪ್ಪಡಿ ಕೊಟ್ಟು ತೇರು ನಿಲ್ಲಿಸಿದರು, ರೆಕಾರ್ಡು ನಿಲ್ಲಲಿಲ್ಲ. ಅದು ಮುಗಿದಾಗ ತೇರು ಇನ್ನೂ ಅರ್ಧ ಬೀದಿಯಲ್ಲಿತ್ತು.

ಉತ್ಸವಕ್ಕೆ ವಾಲಗ ಗೊತ್ತುಮಾಡೋಕೆ ಹೋಗುವ ಯಜಮಾನರು ಸಿನಿಮಾ ಹಾಡು ಎಷ್ಟು ಬರುತ್ತೆ ಅಂತ ಕೇಳೋದು ಆಮೇಲಿರಲಿ. ಮೊದಲು ಮಲ್ಲಾರಿ ಬರುತ್ತಾ, ದೇವರು ನಿಂತಾಗ ಏನು ನುಡಿಸ್ತೀರಿ ಅಂತ ಕೇಳಿ. ಜವಾಬು ಸರಿಯಾಗಿ ಬಂದರೆ ಮುಂಗಡ ಕೊಟ್ಟು ಬನ್ನಿ.