ಅಪ್‌ಲೋಡ್ ನಡೆಯುವಾಗ ವಿಡಿಯೊ ಕಾಲ್ ಏಕೆ ತಡವರಿಸುತ್ತದೆ? ಬಫರ್‌ಬ್ಲೋಟ್ ಮತ್ತು ಅದಕ್ಕೆ ಪರಿಹಾರ

ನಮ್ಮ ಆನ್‌ಲೈನ್ ಸಭೆಗಳಿಗೆ ಕಾಸರಗೋಡು, ಹೊಸೂರು, ಸೊಲ್ಲಾಪುರ, ಆದವಾನಿ ಹೀಗೆ ಹಲವು ಊರುಗಳಿಂದ ಸದಸ್ಯರು ಸೇರುತ್ತಾರೆ. ಸಭೆಯ ನಡುವೆ ಯಾರದಾದರೂ ಧ್ವನಿ ತುಂಡುತುಂಡಾಗುವುದು, ಮುಖ ಹಾಗೇ ನಿಂತುಬಿಡುವುದು ಎಲ್ಲರಿಗೂ ಗೊತ್ತಿರುವ ವಿಷಯ. "ನೆಟ್ ಸ್ಲೋ ಇದೆ" ಎನ್ನುತ್ತೇವೆ, ಮುಂದಿನ ತಿಂಗಳು ಹೆಚ್ಚಿನ ದರದ ಪ್ಲಾನ್ ಹಾಕಿಸುತ್ತೇವೆ. ಆದರೂ ಮನೆಯಲ್ಲಿ ಯಾರಾದರೂ ದೊಡ್ಡ ವಿಡಿಯೊ ಅಪ್‌ಲೋಡ್‌ಗೆ ಹಾಕಿದರೆ ಮತ್ತೆ ಅದೇ ಗೋಳು. ಇಂಥ ಸಂದರ್ಭದಲ್ಲಿ ಕೊರತೆ ಹೆಚ್ಚಾಗಿ ವೇಗದ್ದಲ್ಲ. ಮೋಡೆಮ್‌ನೊಳಗೆ ಬೆಳೆದ ಉದ್ದನೆಯ ಸರದಿಯೇ ಕಾರಣ. ಇದಕ್ಕೆ ಬಫರ್‌ಬ್ಲೋಟ್ ಎಂದು ಹೆಸರು.

ಬಫರ್ ಉಬ್ಬುವುದು ಎಂದರೇನು

ನಾವು ಕಳಿಸುವ ವಿಡಿಯೊ, ಫೋಟೊ, ಮಾತು ಎಲ್ಲವೂ ಪ್ಯಾಕೆಟ್ ಎಂಬ ಸಣ್ಣ ಸಣ್ಣ ಕಟ್ಟುಗಳಾಗಿ ಹೋಗುತ್ತವೆ. ಮನೆಯೊಳಗಿನ ವೈಫೈ ವೇಗ ಹೆಚ್ಚು, ಹೊರಗೆ ಹೋಗುವ ಲೈನಿನ ವೇಗ ಕಡಿಮೆ. ಒಮ್ಮೆಲೇ ಬಂದ ಪ್ಯಾಕೆಟ್‌ಗಳು ಕಾಯಲು ಮೋಡೆಮ್‌ನಲ್ಲಿ ಸ್ವಲ್ಪ ಜಾಗ ಇರುತ್ತದೆ. ಅದೇ ಬಫರ್. ಅದು ಚಿಕ್ಕದಾಗಿದ್ದರೆ ಉಪಕಾರಿ. ಆದರೆ ಮೆಮೊರಿ ಅಗ್ಗವಾದಂತೆ ತಯಾರಕರು ಅದನ್ನು ಅಗತ್ಯಕ್ಕಿಂತ ಬಹಳ ದೊಡ್ಡದು ಮಾಡಿಟ್ಟರು. ಹೊಟ್ಟೆಯುಬ್ಬರದಂತೆ ಬಫರ್ ಉಬ್ಬಿತು.

ತಲಪಾಡಿಯ ಅಥವಾ ಅತ್ತಿಬೆಲೆಯ ಟೋಲ್ ಗೇಟನ್ನು ನೆನಪಿಸಿಕೊಳ್ಳಿ. ಒಂದೇ ಸಾಲು ಇದೆ, ಮುಂದೆ ನೂರಾರು ಲಾರಿಗಳು ನಿಂತಿವೆ, ಕೊನೆಯಲ್ಲಿ ಒಂದು ಸ್ಕೂಟರ್ ಬಂತು ಎಂದುಕೊಳ್ಳೋಣ. ಸ್ಕೂಟರಿಗೆ ಗೇಟಿನಲ್ಲಿ ಕ್ಷಣದ ಕೆಲಸ. ಆದರೂ ಲಾರಿಗಳೆಲ್ಲ ದಾಟುವವರೆಗೆ ಅದು ಕಾಯಬೇಕು. ಲಾರಿಗಳು ನಮ್ಮ ಅಪ್‌ಲೋಡ್, ಸ್ಕೂಟರ್ ನಮ್ಮ ಮಾತು.

ಲಾರಿಗಳು ಅಷ್ಟೊಂದು ಏಕೆ ಸೇರುತ್ತವೆ? ಫೈಲ್ ಕಳಿಸಲು ಬಳಸುವ ಟಿಸಿಪಿ ಎಂಬ ಪದ್ಧತಿ ಸಾಮಾನ್ಯವಾಗಿ ತನ್ನ ವೇಗವನ್ನು ಏರಿಸುತ್ತಲೇ ಹೋಗುತ್ತದೆ. ಯಾವುದಾದರೂ ಪ್ಯಾಕೆಟ್ ದಾರಿಯಲ್ಲಿ ಬಿದ್ದುಹೋದರೆ, ದಾರಿ ತುಂಬಿದೆ ಎಂದು ತಿಳಿದು ವೇಗ ತಗ್ಗಿಸುತ್ತದೆ. ಬಫರ್ ದೊಡ್ಡದಾದರೆ ಪ್ಯಾಕೆಟ್ ಬೀಳುವುದೇ ಇಲ್ಲ, ಸಾಲಿನ ಕೊನೆಗೆ ಸೇರುತ್ತದೆ ಅಷ್ಟೇ. ಕಳಿಸುವ ಕಂಪ್ಯೂಟರಿಗೆ ಸುಳಿವು ಸಿಗದೆ ಅದು ಇನ್ನಷ್ಟು ತುಂಬುತ್ತದೆ. ಹೀಗೆ ಪ್ಯಾಕೆಟ್ ಕಳೆದುಹೋಗದಿರಲಿ ಎಂದು ಇಟ್ಟ ಜಾಗವೇ ತೊಂದರೆಯ ಮೂಲವಾಗುತ್ತದೆ.

ಅಮೆರಿಕದ ಜಿಮ್ ಗೆಟಿಸ್ ಎಂಬ ತಂತ್ರಜ್ಞರು ತಮ್ಮ ಮನೆಯ ಲೈನಿನಲ್ಲೇ ಇದನ್ನು ಪತ್ತೆಹಚ್ಚಿ, 2010ರ ಹೊತ್ತಿಗೆ ಬಫರ್‌ಬ್ಲೋಟ್ ಎಂಬ ಹೆಸರಿನಿಂದ ಎಲ್ಲರ ಗಮನಕ್ಕೆ ತಂದರು.

ಒಂದು ಮನೆಯ ಲೆಕ್ಕ

ಉದಾಹರಣೆಗೆ ಒಂದು ಮನೆಯ ಲೈನ್ ತೆಗೆದುಕೊಳ್ಳೋಣ. ಡೌನ್‌ಲೋಡ್ 40 ಎಂಬಿಪಿಎಸ್, ಅಪ್‌ಲೋಡ್ 8 ಎಂಬಿಪಿಎಸ್. ಮೋಡೆಮ್‌ನ ಬಫರ್ 10 ಲಕ್ಷ ಬೈಟ್, ಅಂದರೆ ಸುಮಾರು ಒಂದು ಎಂಬಿ. ಒಂದು ಬೈಟ್‌ಗೆ ಎಂಟು ಬಿಟ್ ಲೆಕ್ಕದಲ್ಲಿ ಅದು 80 ಲಕ್ಷ ಬಿಟ್. ಈ ಲೈನ್ ಸೆಕೆಂಡಿಗೆ ಕಳಿಸುವುದು ಕೂಡ 80 ಲಕ್ಷ ಬಿಟ್. ಆದ್ದರಿಂದ ಬಫರ್ ತುಂಬಿದಾಗ ಕೊನೆಗೆ ಸೇರಿದ ಪ್ಯಾಕೆಟ್ ಸರಿಯಾಗಿ ಒಂದು ಸೆಕೆಂಡ್ ಕಾಯಬೇಕು.

ಮಾತುಕತೆ ಸಹಜವಾಗಿರಬೇಕಾದರೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಧ್ವನಿ 150 ಮಿಲಿಸೆಕೆಂಡ್‌ನೊಳಗೆ ತಲುಪಬೇಕು ಎಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಅಳತೆ. ಒಂದು ಸೆಕೆಂಡ್ ಎಂದರೆ 1000 ಮಿಲಿಸೆಕೆಂಡ್. ಅಷ್ಟು ತಡವಾದಾಗ ಇಬ್ಬರೂ ಒಟ್ಟಿಗೆ ಮಾತು ಶುರುಮಾಡುತ್ತಾರೆ, ಇಬ್ಬರೂ ಒಟ್ಟಿಗೆ ನಿಲ್ಲಿಸುತ್ತಾರೆ. ದಾರಿ ಕೆಟ್ಟಿದೆ ಎಂದು ತಿಳಿದ ಕಾಲಿಂಗ್ ಆ್ಯಪ್ ಚಿತ್ರದ ಗುಣಮಟ್ಟವನ್ನೂ ಇಳಿಸುತ್ತದೆ.

ಇದೇ ಮನೆಯವರು ಹಣ ಕೊಟ್ಟು ಅಪ್‌ಲೋಡನ್ನು 16 ಎಂಬಿಪಿಎಸ್ ಮಾಡಿಸಿದರೂ, ಬಫರ್ ಅಷ್ಟೇ ಇದ್ದರೆ ಕಾಯುವ ಸಮಯ ಅರ್ಧ ಸೆಕೆಂಡಿಗೆ ಇಳಿಯುತ್ತದೆ. ಅದು 500 ಮಿಲಿಸೆಕೆಂಡ್, ಅಂದರೆ ಇನ್ನೂ ಮಿತಿಯ ಮೂರುಪಟ್ಟಿಗಿಂತ ಹೆಚ್ಚು.

ಅಪ್‌ಲೋಡ್ ಸಾಲು ತುಂಬಿದರೆ ಡೌನ್‌ಲೋಡ್ ಕೂಡ ಕುಂಟುತ್ತದೆ. ನಮಗೆ ಬಂದ ಪ್ರತಿ ಕಂತಿಗೂ "ತಲುಪಿತು" ಎಂಬ ರಶೀದಿ ವಾಪಸು ಹೋಗಬೇಕು. ಆ ರಶೀದಿಗಳೂ ಅದೇ ಸಾಲಿನ ಕೊನೆಯಲ್ಲಿ ನಿಲ್ಲುತ್ತವೆ.

ನಿಮ್ಮ ಮನೆಯಲ್ಲಿ ಇದೆಯೇ? ಪರೀಕ್ಷಿಸುವ ಬಗೆ

ಸಾಧ್ಯವಾದರೆ ಕಂಪ್ಯೂಟರನ್ನು ಕೇಬಲ್ ಮೂಲಕ ರೂಟರಿಗೆ ಜೋಡಿಸಿ. ಯಾರೂ ನೆಟ್ ಬಳಸದಿರುವಾಗ ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಹೀಗೆ ಟೈಪ್ ಮಾಡಿ:

```
ping -t 8.8.8.8
```

ಪ್ರತಿ ಸಾಲಿನಲ್ಲಿ `time=` ಎಂಬುದರ ಮುಂದಿನ ಅಂಕಿಯೇ ಹೋಗಿಬರುವ ಸಮಯ, ಮಿಲಿಸೆಕೆಂಡ್‌ಗಳಲ್ಲಿ. ಅದನ್ನು ಬರೆದುಕೊಳ್ಳಿ. ಈಗ ಅದನ್ನು ನಿಲ್ಲಿಸದೆ ದೊಡ್ಡ ವಿಡಿಯೊ ಒಂದನ್ನು ಅಪ್‌ಲೋಡ್‌ಗೆ ಹಾಕಿ. ನಮ್ಮ ಉದಾಹರಣೆಯ ಮನೆಯಲ್ಲಿ ಮೊದಲು 20 ಇದ್ದದ್ದು ಅಪ್‌ಲೋಡ್ ಶುರುವಾದ ಮೇಲೆ 1000 ದಾಟುತ್ತದೆ. ಅಪ್‌ಲೋಡ್ ನಿಲ್ಲಿಸಿದೊಡನೆ ಮತ್ತೆ 20ಕ್ಕೆ ಬರುತ್ತದೆ. ಹೀಗೆ ಅಪ್‌ಲೋಡ್ ಜೊತೆಗೇ ಏರಿ, ಅದರ ಜೊತೆಗೇ ಇಳಿದರೆ ಅದು ಬಫರ್‌ಬ್ಲೋಟ್. ಅಪ್‌ಲೋಡ್ ಇಲ್ಲದಿರುವಾಗಲೂ ಅಂಕಿ ಕುಣಿಯುತ್ತಿದ್ದರೆ ಕಾರಣ ಬೇರೆ. ಲೈನಿನ ದೋಷವನ್ನು ಹುಡುಕಬೇಕು.

ಸ್ಮಾರ್ಟ್ ಕ್ಯೂ ಮಾಡುವುದು ಮೂರು ಕೆಲಸ

ಮೊದಲನೆಯದು, ಸರದಿಯನ್ನು ನಮ್ಮ ಕೈಗೆ ತರುವುದು. ಸಾಲು ಬೆಳೆಯುವುದು ದಾರಿ ಅತ್ಯಂತ ಕಿರಿದಾಗಿರುವ ಕಡೆ. ಅದು ಈಗ ಮೋಡೆಮ್, ಅದರೊಳಗೆ ನಾವು ಕೈಹಾಕುವಂತಿಲ್ಲ. ಅದಕ್ಕಾಗಿ ರೂಟರ್‌ನಲ್ಲಿ ಲೈನಿನ ನಿಜವಾದ ವೇಗಕ್ಕಿಂತ ಸ್ವಲ್ಪ ಕಡಿಮೆ ಮಿತಿ ಹಾಕುತ್ತೇವೆ. ಟೋಲ್ ಗೇಟಿಗೆ ಸ್ವಲ್ಪ ಮೊದಲೇ ನಮ್ಮದೇ ಗೇಟ್ ಇಟ್ಟ ಹಾಗೆ. ಈಗ ಸಾಲು ನಮ್ಮ ಗೇಟಿನಲ್ಲಿ, ನಮ್ಮ ನಿಯಮದಂತೆ ನಿಲ್ಲುತ್ತದೆ. ಮೋಡೆಮ್‌ನ ಬಫರ್ ಖಾಲಿಯಾಗಿಯೇ ಇರುತ್ತದೆ.

ಎರಡನೆಯದು, ಒಬ್ಬೊಬ್ಬರಿಗೆ ಒಂದೊಂದು ಸಾಲು. ಅಪ್‌ಲೋಡ್‌ಗೆ ಒಂದು, ಕಾಲ್‌ಗೆ ಒಂದು. ಗೇಟು ಸರದಿಯಂತೆ ಪ್ರತಿ ಸಾಲಿನಿಂದ ಒಂದಿಷ್ಟನ್ನು ಬಿಡುತ್ತದೆ. ಸ್ಕೂಟರ್ ಬಂದಾಗ ಅದರ ಸಾಲಿನಲ್ಲಿ ಮುಂದೆ ಯಾರೂ ಇಲ್ಲದ್ದರಿಂದ ಬೇಗ ದಾಟಿಹೋಗುತ್ತದೆ.

ಮೂರನೆಯದು, ಕಾದ ಸಮಯವನ್ನು ಅಳೆಯುವುದು. ಕ್ಯಾತ್ಲೀನ್ ನಿಕೊಲ್ಸ್ ಮತ್ತು ವ್ಯಾನ್ ಜೇಕಬ್ಸನ್ 2012ರಲ್ಲಿ ಪ್ರಕಟಿಸಿದ ಕೋಡೆಲ್ ಎಂಬ ವಿಧಾನ ಸಾಲು ಎಷ್ಟು ಉದ್ದವಿದೆ ಎಂದು ನೋಡುವುದಿಲ್ಲ, ಪ್ಯಾಕೆಟ್ ಎಷ್ಟು ಹೊತ್ತು ಕಾಯಿತು ಎಂದು ನೋಡುತ್ತದೆ. 100 ಮಿಲಿಸೆಕೆಂಡ್ ಕಾಲ ಎಲ್ಲವೂ 5 ಮಿಲಿಸೆಕೆಂಡ್‌ಗಿಂತ ಹೆಚ್ಚು ಕಾಯುತ್ತಲೇ ಇದ್ದರೆ ಒಂದು ಪ್ಯಾಕೆಟನ್ನು ಬೇಕೆಂದೇ ಬೀಳಿಸುತ್ತದೆ. ಕಳಿಸುವ ಕಂಪ್ಯೂಟರ್ ಅದನ್ನು ಕಂಡು ವೇಗ ತಗ್ಗಿಸುತ್ತದೆ. ಬಿದ್ದ ಪ್ಯಾಕೆಟ್ ಮತ್ತೊಮ್ಮೆ ಬರುತ್ತದೆ, ಫೈಲಿಗೆ ಏನೂ ಆಗುವುದಿಲ್ಲ.

ಈ ಮೂರನ್ನೂ ಒಟ್ಟಿಗೆ ಕೊಡುವ ವಿಧಾನ `cake`. ಇದು 2018ರಿಂದ ಲಿನಕ್ಸ್‌ನಲ್ಲೇ ಸೇರಿದೆ.

ಹೊಂದಿಸುವ ಕ್ರಮ

ಕಂಪನಿಯವರು ಕೊಡುವ ಮೋಡೆಮ್‌ಗಳಲ್ಲಿ ಈ ಸೌಲಭ್ಯ ಸಾಮಾನ್ಯವಾಗಿ ಇರುವುದಿಲ್ಲ. ಅದರ ಹಿಂದೆ ನಮ್ಮದೇ ರೂಟರ್ ಇಡಬೇಕಾಗುತ್ತದೆ. ಓಪನ್‌ಡಬ್ಲ್ಯುಆರ್‌ಟಿ ತಂತ್ರಾಂಶ ಹಾಕಿದ ರೂಟರಿನ ಕ್ರಮವನ್ನು ಇಲ್ಲಿ ಕೊಡುತ್ತೇವೆ.

1. ನೆಟ್ ಬಳಕೆ ಇಲ್ಲದಿರುವಾಗ, ಕೇಬಲ್ ಜೋಡಿಸಿ, ವೇಗವನ್ನು ಹಲವು ಬಾರಿ ಅಳೆಯಿರಿ. ಪ್ಲಾನಿನಲ್ಲಿ ಬರೆದದ್ದನ್ನಲ್ಲ, ನಿಜಕ್ಕೂ ಸಿಗುವುದನ್ನು ತೆಗೆದುಕೊಳ್ಳಿ.

2. ರೂಟರಿನ ಪುಟದಲ್ಲಿ `System` → `Software` ತೆರೆದು `luci-app-sqm` ಸ್ಥಾಪಿಸಿ. ಆಮೇಲೆ `Network` → `SQM QoS` ತೆರೆಯಿರಿ.

3. ಹೊರಗಿನ ಲೈನಿನ ಇಂಟರ್‌ಫೇಸ್ ಆರಿಸಿ. ಯೂಸರ್ ನೇಮ್ ಮತ್ತು ಪಾಸ್‌ವರ್ಡ್ ಹಾಕಿ ಲಾಗಿನ್ ಆಗುವ ಲೈನ್ ಆದರೆ ಅದು ಸಾಮಾನ್ಯವಾಗಿ `pppoe-wan`.

4. ಅಳೆದ ವೇಗದ 90 ಶೇಕಡಾ ಹಾಕಿ. ಇಲ್ಲಿನ ಲೆಕ್ಕ ಕಿಲೊಬಿಟ್‌ನಲ್ಲಿ. ನಮ್ಮ ಉದಾಹರಣೆಗೆ ಡೌನ್‌ಲೋಡ್ 36000, ಅಪ್‌ಲೋಡ್ 7200.

5. `Queue Discipline` ಪುಟದಲ್ಲಿ `cake` ಮತ್ತು `piece_of_cake.qos` ಆರಿಸಿ. `Link Layer Adaptation` ಪುಟದಲ್ಲಿ ಈಥರ್‌ನೆಟ್ ಆಯ್ದು ಓವರ್‌ಹೆಡ್ 44 ಎಂದು ಹಾಕಿ. ಇದು ಪ್ರತಿ ಪ್ಯಾಕೆಟ್ ಮೇಲಿನ ಹೊದಿಕೆಯ ತೂಕ. ಸ್ವಲ್ಪ ಹೆಚ್ಚು ಹಾಕಿದರೆ ನಷ್ಟ ಕಡಿಮೆ, ಕಡಿಮೆ ಹಾಕಿದರೆ ಸಾಲು ಮತ್ತೆ ಮೋಡೆಮ್‌ಗೆ ಹೋಗುತ್ತದೆ.

6. `Enable` ಗುರುತು ಹಾಕಿ ಉಳಿಸಿ, ಮೇಲೆ ಹೇಳಿದ `ping` ಪರೀಕ್ಷೆಯನ್ನು ಮತ್ತೆ ಮಾಡಿ.

ಅಪ್‌ಲೋಡ್ ನಡೆಯುತ್ತಿರುವಾಗಲೂ 20ರ ಹತ್ತಿರ, ಹೆಚ್ಚೆಂದರೆ ಹತ್ತಿಪ್ಪತ್ತು ಮಿಲಿಸೆಕೆಂಡ್ ಮೇಲೆ ನಿಂತರೆ ಕೆಲಸ ಆಯಿತು. ಇನ್ನೂ ಏರುತ್ತಿದ್ದರೆ ಅಪ್‌ಲೋಡ್ ಅಂಕಿಯನ್ನು 6800, 6400 ಹೀಗೆ ಇಳಿಸುತ್ತ ಬನ್ನಿ. ಚೆನ್ನಾಗಿ ನಿಂತರೆ ಸ್ವಲ್ಪ ಏರಿಸಿ ನೋಡಬಹುದು.

ಇದಕ್ಕೆ ತೆರುವ ಬೆಲೆ ಎಷ್ಟು? ಕಾರ್ಯಕ್ರಮದ 300 ಎಂಬಿ ವಿಡಿಯೊ ಒಂದು 8 ಎಂಬಿಪಿಎಸ್‌ನಲ್ಲಿ ಐದು ನಿಮಿಷದಲ್ಲಿ ಹೋಗುತ್ತಿತ್ತು. 7.2ರಲ್ಲಿ ಸುಮಾರು ಐದೂವರೆ ನಿಮಿಷ ಬೇಕು. ಅರ್ಧ ನಿಮಿಷ ತಡವಾಗುತ್ತದೆ, ಆದರೆ ಅಷ್ಟು ಹೊತ್ತೂ ಪಕ್ಕದ ಕೋಣೆಯವರು ನೆಮ್ಮದಿಯಿಂದ ಮಾತಾಡಬಹುದು.

ಎಲ್ಲಿ ಇದು ಸಾಲದು

ಸಂಜೆ ಹೊತ್ತು ಲೈನಿನ ವೇಗ ಕುಸಿಯುವ ಕಡೆ ಎಚ್ಚರ ಬೇಕು. ವೇಗ 6 ಎಂಬಿಪಿಎಸ್‌ಗೆ ಇಳಿದು ನಾವು 7.2 ಎಂದು ಹಾಕಿದ್ದರೆ ನಮ್ಮ ಗೇಟು ಅಗಲವಾಗಿ, ಸಾಲು ಮತ್ತೆ ಮೋಡೆಮ್‌ನಲ್ಲಿ ಬೆಳೆಯುತ್ತದೆ. ಬೆಳಿಗ್ಗೆ ಸರಿಯಿದ್ದು ಸಂಜೆ ಮಾತ್ರ `ping` ಏರಿದರೆ ಇದೇ ಕಾರಣ. ಸಂಜೆಯ ವೇಗವನ್ನೇ ಆಧಾರವಾಗಿಟ್ಟುಕೊಳ್ಳಿ. ಮೊಬೈಲ್ ಸಿಮ್ ಹಾಕುವ ರೂಟರ್‌ಗಳಲ್ಲಿ ವೇಗ ಕ್ಷಣಕ್ಷಣಕ್ಕೂ ಬದಲಾಗುವುದರಿಂದ ಒಂದೇ ಅಂಕಿ ಹಾಕಿದರೆ ಫಲ ಅಷ್ಟಕ್ಕಷ್ಟೇ.

ಈ ಕೆಲಸವನ್ನು ರೂಟರಿನ ಪ್ರೊಸೆಸರ್ ಮಾಡಬೇಕು. ಹಳೆಯ ರೂಟರ್ ನೂರಾರು ಎಂಬಿಪಿಎಸ್‌ನ ಲೈನ್ ಎದುರು ಸೋಲಬಹುದು. ಮಿತಿ ಹಾಕಿದ ಅಂಕಿಗಿಂತ ಬಹಳ ಕಡಿಮೆ ವೇಗ ಸಿಕ್ಕರೆ ಅದೇ ಗುರುತು. `Hardware flow offloading` ಆನ್ ಇದ್ದರೆ ಪ್ಯಾಕೆಟ್‌ಗಳು ನಮ್ಮ ಗೇಟನ್ನು ತಪ್ಪಿಸಿ ಹೋಗುತ್ತವೆ, ಅದನ್ನು ಆಫ್ ಮಾಡಿ. ಕೇಬಲ್‌ನಲ್ಲಿ ಚೆನ್ನಾಗಿದ್ದು ವೈಫೈನಲ್ಲಿ ಮಾತ್ರ ತೊಂದರೆ ಇದ್ದರೆ, ತೊಂದರೆ ವೈಫೈನದು. ಈ ಮಿತಿ ಅದನ್ನು ಸರಿಮಾಡದು.

ಬೇರೆ ರೂಟರ್ ಇಲ್ಲದವರಿಗೆ

ಲಾರಿಗಳನ್ನೇ ಕಡಿಮೆ ಬಿಡುವುದು ಇನ್ನೊಂದು ದಾರಿ. ಕಂಪ್ಯೂಟರಿನಲ್ಲಿ ಬಳಸುವ ಗೂಗಲ್ ಡ್ರೈವ್ ಮತ್ತು ಒನ್‌ಡ್ರೈವ್ ಎರಡರಲ್ಲೂ ಅಪ್‌ಲೋಡ್ ವೇಗಕ್ಕೆ ಮಿತಿ ಹಾಕುವ ಅವಕಾಶ ಸೆಟ್ಟಿಂಗ್ಸ್‌ನಲ್ಲಿದೆ. ಅಲ್ಲಿನ ಅಂಕಿ ಕಿಲೊಬೈಟ್‌ನಲ್ಲಿ ಇರುವುದರಿಂದ ಎಂಟರಿಂದ ಭಾಗಿಸಿ ಹಾಕಿ. 8 ಎಂಬಿಪಿಎಸ್ ಲೈನ್ ಎಂದರೆ ಸೆಕೆಂಡಿಗೆ 1000 ಕಿಲೊಬೈಟ್. ಅದರ ಅರ್ಧ, 500 ಎಂದು ಹಾಕಿದರೆ ಕಾಲ್‌ಗೆ ಜಾಗ ಉಳಿಯುತ್ತದೆ. ಫೋನಿನ ಫೋಟೊ ಬ್ಯಾಕಪ್ ಕಾಲ್ ವೇಳೆ ಶುರುವಾಗದಂತೆ ನೋಡಿಕೊಳ್ಳಿ. ಇದು ಆ ಒಂದು ಆ್ಯಪಿಗೆ ಮಾತ್ರ ಅನ್ವಯ. ಮನೆಯ ಎಲ್ಲ ಸಾಧನಗಳಿಗೂ ಒಟ್ಟಿಗೆ ನಿಯಮ ಹಾಕಬೇಕಾದರೆ ರೂಟರಿನಲ್ಲೇ ಹಾಕಬೇಕು.