ಪುಷ್, ಇನ್-ಆ್ಯಪ್, ಎಸ್‌ಎಂಎಸ್: ಬ್ಯಾಂಕ್ ಎಚ್ಚರಿಕೆಗೆ ಯಾವ ದಾರಿ ಸೂಕ್ತ?

ಖಾತೆಯಿಂದ ಹಣ ಕಡಿತವಾದಾಗ ಬ್ಯಾಂಕು ಗ್ರಾಹಕರಿಗೆ ಸೂಚನೆ ನೀಡುವ ಮಾರ್ಗಗಳು ಇಂದು ಮುಖ್ಯವಾಗಿ ಮೂರು. ಫೋನಿನ ಸಂದೇಶ ಪೆಟ್ಟಿಗೆಗೆ ಬರುವ ಎಸ್‌ಎಂಎಸ್ ಒಂದು. ಪರದೆಯ ಮೇಲ್ಭಾಗದಲ್ಲಿ ಮೂಡುವ ಪುಷ್ ನೋಟಿಫಿಕೇಶನ್ ಮತ್ತೊಂದು. ಬ್ಯಾಂಕಿನ ಆ್ಯಪ್ ತೆರೆದಾಗ ಅದರೊಳಗೇ ಕಾಣಿಸುವ ಇನ್-ಆ್ಯಪ್ ಸಂದೇಶ ಮೂರನೆಯದು. ಬಳಕೆದಾರರ ಕಣ್ಣಿಗೆ ಮೂರೂ ಒಂದೇ ಬಗೆಯ ಸೂಚನೆಗಳಂತೆ ತೋರಬಹುದು. ಆದರೆ ಅವು ಸಾಗುವ ಹಾದಿ ಬೇರೆ, ತಲುಪುವ ವಿಳಾಸ ಬೇರೆ, ಸೋಲುವ ಬಗೆಯೂ ಬೇರೆ. ಹಣದ ವಿಷಯದಲ್ಲಿ ಈ ವ್ಯತ್ಯಾಸವೇ ನಷ್ಟ ಯಾರ ತಲೆಗೆ ಎಂಬುದನ್ನು ನಿರ್ಧರಿಸಬಹುದು.

ವಿಳಾಸವೇ ಮೂಲ ಭೇದ

ಎಸ್‌ಎಂಎಸ್‌ನ ವಿಳಾಸ ಮೊಬೈಲ್ ಸಂಖ್ಯೆ, ಅಂದರೆ ಸಿಮ್. ಅದಕ್ಕೆ ಇಂಟರ್‌ನೆಟ್ ಬೇಕಿಲ್ಲ, ಆ್ಯಪ್ ಬೇಕಿಲ್ಲ, ಸ್ಮಾರ್ಟ್‌ಫೋನ್ ಕೂಡ ಬೇಕಿಲ್ಲ. ಫೋನ್ ಸ್ವಿಚ್ ಆಫ್ ಆಗಿದ್ದರೆ ಅಥವಾ ಸಿಗ್ನಲ್ ಇಲ್ಲದಿದ್ದರೆ ದೂರಸಂಪರ್ಕ ಕಂಪನಿಯ ಸಂದೇಶ ಕೇಂದ್ರವು ಸಂದೇಶವನ್ನು ತನ್ನಲ್ಲೇ ಇರಿಸಿಕೊಂಡು, ನಿಗದಿತ ಅವಧಿಯವರೆಗೆ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಸಂದೇಶ ಫೋನಿಗೆ ತಲುಪಿದ ಮೇಲೆ, ತಲುಪಿದ ವೇಳೆಯ ವರದಿಯೊಂದು ಕಳುಹಿಸಿದವರಿಗೆ ಮರಳುತ್ತದೆ. ಗ್ರಾಹಕರು ಅದನ್ನು ಓದಿದರೇ ಎಂಬುದನ್ನು ಮಾತ್ರ ಆ ವರದಿ ಹೇಳುವುದಿಲ್ಲ.

ಪುಷ್ ನೋಟಿಫಿಕೇಶನ್‌ನ ವಿಳಾಸ ಮೊಬೈಲ್ ಸಂಖ್ಯೆಯಲ್ಲ. ಒಂದು ನಿರ್ದಿಷ್ಟ ಫೋನಿನಲ್ಲಿ ಸ್ಥಾಪಿತವಾದ ಒಂದು ನಿರ್ದಿಷ್ಟ ಆ್ಯಪ್. ಆ್ಯಪ್ ಸ್ಥಾಪನೆಯಾದಾಗ ಅದಕ್ಕೆ ಟೋಕನ್ ಎಂಬ ಉದ್ದನೆಯ ಗುರುತು ದೊರೆಯುತ್ತದೆ. ಬ್ಯಾಂಕಿನ ಸರ್ವರ್ ಆ ಟೋಕನ್ ಹಿಡಿದು ಸಂದೇಶವನ್ನು ಆಂಡ್ರಾಯ್ಡ್ ಫೋನಾದರೆ ಗೂಗಲ್‌ನ ವ್ಯವಸ್ಥೆಗೆ, ಐಫೋನಾದರೆ ಆ್ಯಪಲ್‌ನ ವ್ಯವಸ್ಥೆಗೆ ಒಪ್ಪಿಸುತ್ತದೆ. ಮುಂದಿನ ಪಯಣ ಇಂಟರ್‌ನೆಟ್ ಮೂಲಕ. ಆ್ಯಪ್ ತೆಗೆದುಹಾಕಿ ಮತ್ತೆ ಹಾಕಿದರೆ, ಅಥವಾ ಹೊಸ ಫೋನ್ ಕೊಂಡರೆ ಹಳೆಯ ಟೋಕನ್ ನಿರುಪಯುಕ್ತವಾಗುತ್ತದೆ.

ಇನ್-ಆ್ಯಪ್ ಸಂದೇಶ ಫೋನನ್ನು ಎಚ್ಚರಿಸುವುದೇ ಇಲ್ಲ. ಬಳಕೆದಾರರು ತಾವಾಗಿ ಆ್ಯಪ್ ತೆರೆದಾಗ ಮಾತ್ರ ಅದು ಕಾಣಿಸುತ್ತದೆ. ಮನೆ ಬಾಗಿಲಿಗೆ ಅಂಚೆಯವನು ಬರುವುದಕ್ಕೂ, ಬ್ಯಾಂಕಿನ ಶಾಖೆಯೊಳಗೆ ಫಲಕ ತೂಗುಹಾಕುವುದಕ್ಕೂ ಇರುವ ಅಂತರ ಇಲ್ಲಿದೆ.

ಮೂರು ದಿನಗಳ ಲೆಕ್ಕ

ಭಾರತೀಯ ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಅನಧಿಕೃತ ವಿದ್ಯುನ್ಮಾನ ವಹಿವಾಟಿನಲ್ಲಿ ಗ್ರಾಹಕರ ಹೊಣೆಯನ್ನು ಮಿತಿಗೊಳಿಸುವ ಸುತ್ತೋಲೆ ಹೊರಡಿಸಿತು. ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕರದೂ ಅಲ್ಲ, ಮೂರನೆಯವರ ಕೃತ್ಯ ಎಂದಾದಾಗ, ಬ್ಯಾಂಕಿನ ಸೂಚನೆ ದೊರೆತ 3 ಕೆಲಸದ ದಿನಗಳೊಳಗೆ ಗ್ರಾಹಕರು ದೂರಿದರೆ ಅವರಿಗೆ ನಷ್ಟವಿಲ್ಲ ಎಂದು ಅದು ವಿಧಿಸಿತು. 4ರಿಂದ 7 ದಿನಗಳ ನಡುವೆ ದೂರಿದರೆ ಸಾಮಾನ್ಯ ಉಳಿತಾಯ ಖಾತೆದಾರರು ಗರಿಷ್ಠ 10,000 ರೂಪಾಯಿವರೆಗೆ ನಷ್ಟ ಹೊರಬೇಕು. ಅದಕ್ಕೂ ತಡವಾದರೆ ಆಯಾ ಬ್ಯಾಂಕಿನ ನೀತಿಯಂತೆ ತೀರ್ಮಾನ ಎಂದೂ ಸೇರಿಸಿತು.

ದಿನಗಳ ಎಣಿಕೆ ಹಣ ಹೋದ ಗಳಿಗೆಯಿಂದ ಅಲ್ಲ, ಸೂಚನೆ ದೊರೆತ ಗಳಿಗೆಯಿಂದ ಎಂಬುದು ಇಲ್ಲಿ ಗಮನಾರ್ಹ. ಆದ್ದರಿಂದಲೇ ಅದೇ ಸುತ್ತೋಲೆಯು ಎಸ್‌ಎಂಎಸ್ ಎಚ್ಚರಿಕೆಯನ್ನು ಕಡ್ಡಾಯಗೊಳಿಸಿ, ಸಂದೇಶ ತಲುಪಿದ ದಿನಾಂಕ ಮತ್ತು ವೇಳೆಯನ್ನು ಬ್ಯಾಂಕುಗಳು ದಾಖಲಿಸಬೇಕೆಂದಿತು. ಕಳುಹಿಸಿದ ವೇಳೆ ಸಾಲದು, ತಲುಪಿದ ವೇಳೆ ಬೇಕು. ಪುಷ್ ವ್ಯವಸ್ಥೆ ತೊಡಕಿಗೆ ಸಿಲುಕುವುದು ಈ ಹಂತದಲ್ಲೇ. ಗೂಗಲ್ ಅಥವಾ ಆ್ಯಪಲ್ ಸರ್ವರ್ ಬ್ಯಾಂಕಿಗೆ ಕೊಡುವ ಯಶಸ್ಸಿನ ಉತ್ತರದ ಅರ್ಥ 'ಸಂದೇಶ ಸ್ವೀಕರಿಸಿದ್ದೇವೆ' ಎಂದಷ್ಟೇ; ಗ್ರಾಹಕರ ಪರದೆಯಲ್ಲಿ ಅದು ಮೂಡಿದೆ ಎಂದಲ್ಲ.

ಒಂದು ಉದಾಹರಣೆ

ಗ್ರಾಹಕರೊಬ್ಬರು ಬೆಂಗಳೂರಿನಿಂದ ಕಾರವಾರಕ್ಕೆ ರಾತ್ರಿ ಬಸ್ಸಿನಲ್ಲಿ ಹೊರಟಿದ್ದಾರೆ ಎಂದುಕೊಳ್ಳೋಣ. ಬೆಳಗಿನ ಜಾವ ಬಸ್ಸು ಅರಬೈಲು ಘಟ್ಟ ಇಳಿಯುತ್ತಿರುವಾಗ ಅವರ ಐಫೋನಿಗೆ ಸಿಗ್ನಲ್ ಇಲ್ಲ. 4 ಗಂಟೆ 5 ನಿಮಿಷಕ್ಕೆ ಅವರ ಕಾರ್ಡಿನಿಂದ 18,500 ರೂಪಾಯಿ, 4 ಗಂಟೆ 20 ನಿಮಿಷಕ್ಕೆ ಮತ್ತೆ 9,000 ರೂಪಾಯಿ ಕಡಿತವಾಗುತ್ತದೆ. ಎರಡೂ ಅವರು ಮಾಡಿದ ವಹಿವಾಟಲ್ಲ. ಬ್ಯಾಂಕು ಪ್ರತಿ ಬಾರಿಯೂ ಎಸ್‌ಎಂಎಸ್, ಪುಷ್ ಎರಡನ್ನೂ ಕಳುಹಿಸುತ್ತದೆ.

ಅಂಕೋಲಾ ಸಮೀಪ ಸಿಗ್ನಲ್ ಮರಳಿದಾಗ ಸಂದೇಶ ಕೇಂದ್ರದಲ್ಲಿ ಕಾದಿದ್ದ ಎರಡೂ ಎಸ್‌ಎಂಎಸ್‌ಗಳು ಬರುತ್ತವೆ. ಮೊಬೈಲ್ ಡೇಟಾ ಆಫ್ ಆಗಿದ್ದರೂ ಬರುತ್ತವೆ. ಪುಷ್ ಬರಬೇಕಾದರೆ ಡೇಟಾ ಆನ್ ಆಗಬೇಕು. ಆನ್ ಆದರೂ ಒಂದು ಮಿತಿಯಿದೆ: ಫೋನ್ ಸಂಪರ್ಕದಲ್ಲಿಲ್ಲದಾಗ ಆ್ಯಪಲ್‌ನ ವ್ಯವಸ್ಥೆ ಒಂದು ಆ್ಯಪಿಗೆ ಒಂದೇ ಸೂಚನೆಯನ್ನು, ಅಂದರೆ ಕೊನೆಯದನ್ನು ಮಾತ್ರ ಕಾದಿರಿಸುತ್ತದೆ. ಹೀಗಾಗಿ 9,000 ರೂಪಾಯಿಯ ಸೂಚನೆ ಕಾಣಿಸಿಕೊಂಡು, ಅದಕ್ಕಿಂತ ದೊಡ್ಡದಾದ 18,500 ರೂಪಾಯಿಯ ಸೂಚನೆ ಕಾಣೆಯಾಗಬಹುದು. ಇನ್-ಆ್ಯಪ್ ಸಂದೇಶವಂತೂ ಅವರು ಆ್ಯಪ್ ತೆರೆಯುವವರೆಗೆ, ಅದು ನಾಲ್ಕು ದಿನಗಳ ನಂತರವಾದರೂ, ಸುಮ್ಮನೆ ಕಾದಿರುತ್ತದೆ.

ಆಂಡ್ರಾಯ್ಡ್ ಫೋನಿನಲ್ಲಿ ತೊಡಕು ಬೇರೆ ರೂಪದ್ದು. 2015ರಲ್ಲಿ ಬಂದ ಆಂಡ್ರಾಯ್ಡ್ 6ರಿಂದ, ಬಳಸದೆ ಇಟ್ಟ ಫೋನು ಬ್ಯಾಟರಿ ಉಳಿಸಲು ನಿದ್ರಾಸ್ಥಿತಿಗೆ ಜಾರುತ್ತದೆ. ಆಗ ಸಾಮಾನ್ಯ ಆದ್ಯತೆಯ ಪುಷ್ ತಡವಾಗುತ್ತದೆ. ಬ್ಯಾಂಕು ಅದನ್ನು ಹೆಚ್ಚಿನ ಆದ್ಯತೆಯಲ್ಲಿ ಕಳುಹಿಸಿದ್ದರೆ ಮಾತ್ರ ತಕ್ಷಣ ಬರುತ್ತದೆ. 2022ರ ಆಂಡ್ರಾಯ್ಡ್ 13ರಿಂದ ಹೊಸ ಆ್ಯಪ್‌ಗಳು ನೋಟಿಫಿಕೇಶನ್‌ಗೆ ಬಳಕೆದಾರರ ಒಪ್ಪಿಗೆ ಕೇಳಬೇಕಾಯಿತು. ಅವಸರದಲ್ಲಿ 'ಬೇಡ' ಎಂದು ಒತ್ತಿದವರಿಗೆ ಯಾವ ಎಚ್ಚರಿಕೆಯೂ ಕಾಣಿಸದು.

ಎಸ್‌ಎಂಎಸ್ ಎಡವುವುದೆಲ್ಲಿ?

ಹಾಗೆಂದು ಎಸ್‌ಎಂಎಸ್ ದೋಷರಹಿತವಲ್ಲ. ಅದರ ಮೊದಲ ಮಿತಿ ಜಾಗದ್ದು. ಒಂದು ಸಂದೇಶದಲ್ಲಿ 140 ಬೈಟ್‌ಗಳಿಗೆ ಮಾತ್ರ ಅವಕಾಶ. ಇಂಗ್ಲಿಷ್‌ನಲ್ಲಿ ಅದು 160 ಅಕ್ಷರಗಳಾದರೆ, ಸಾಮಾನ್ಯವಾಗಿ ಬಳಕೆಯಲ್ಲಿರುವ ಯುನಿಕೋಡ್ ಕ್ರಮದ ಕನ್ನಡದಲ್ಲಿ 70 ಮಾತ್ರ. ಒತ್ತಕ್ಷರ, ಗುಣಿತ ಚಿಹ್ನೆಗಳನ್ನೂ ಪ್ರತ್ಯೇಕವಾಗಿ ಎಣಿಸಲಾಗುತ್ತದೆ. ಕಣ್ಣಿಗೆ ಎರಡೇ ಅಕ್ಷರದಂತೆ ಕಾಣುವ 'ಬ್ಯಾಂಕ್' ಎಂಬ ಪದ ಈ ಲೆಕ್ಕದಲ್ಲಿ 7 ಸ್ಥಾನ ತಿನ್ನುತ್ತದೆ. ಉದ್ದ ಸಂದೇಶಗಳನ್ನು ತುಂಡುಗಳಾಗಿ ಕಳುಹಿಸಿ ಫೋನಿನಲ್ಲಿ ಜೋಡಿಸಲಾಗುತ್ತದೆ. ಪ್ರತಿ ತುಂಡಿಗೂ ವೆಚ್ಚ ತಗಲುತ್ತದೆ. ₹ ಚಿಹ್ನೆ ಮೂಲ ಎಸ್‌ಎಂಎಸ್ ಅಕ್ಷರಮಾಲೆಯಲ್ಲಿ ಇಲ್ಲ. ಇಂಗ್ಲಿಷ್ ಸಂದೇಶದಲ್ಲಿ ಅದೊಂದು ಚಿಹ್ನೆ ಸೇರಿದರೂ ಇಡೀ ಸಂದೇಶದ ಮಿತಿ 70ಕ್ಕೆ ಇಳಿಯುತ್ತದೆ. `Rs.` ಎಂಬ ಹಳೆಯ ರೂಪ ಬ್ಯಾಂಕ್ ಸಂದೇಶಗಳಲ್ಲಿ ಅನುಕೂಲಕರವಾಗಿರುವುದು ಈ ಕಾರಣದಿಂದಲೂ ಹೌದು.

ಎರಡನೆಯದು ನೋಂದಣಿಯ ಕಟ್ಟುಪಾಡು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ 2018ರ ನಿಯಮಾವಳಿಯಂತೆ, ಸಂಸ್ಥೆಯು ತನ್ನ ಕಳುಹಿಸುವ ಹೆಸರನ್ನೂ, ಪ್ರತಿ ಸಂದೇಶದ ಮಾದರಿಯನ್ನೂ ಮೊದಲೇ ನೋಂದಾಯಿಸಬೇಕು. ಹೊರಡುವ ಸಂದೇಶ ಮಾದರಿಗೆ ಹೊಂದದಿದ್ದರೆ ಕಂಪನಿಯ ಮಟ್ಟದಲ್ಲೇ ತಡೆಯಲ್ಪಡುತ್ತದೆ. 2021ರ ಮಾರ್ಚ್ 8ರಂದು ಈ ಪರಿಶೀಲನೆ ಜಾರಿಯಾದಾಗ ಅನೇಕರಿಗೆ ಒಟಿಪಿ ಮತ್ತು ಬ್ಯಾಂಕ್ ಸಂದೇಶಗಳೇ ಬಾರದಾದವು; ಮರುದಿನವೇ ಪ್ರಾಧಿಕಾರವು ಅದನ್ನು ಒಂದು ವಾರ ತಡೆಹಿಡಿಯಿತು. 2025ರ ತಿದ್ದುಪಡಿಯ ಪ್ರಕಾರ ಕಳುಹಿಸುವ ಹೆಸರಿನ ಕೊನೆಯಲ್ಲಿ ಸಂದೇಶದ ಬಗೆಯ ಗುರುತಿರುತ್ತದೆ: ವಹಿವಾಟಿಗೆ `-T`, ಸೇವೆಗೆ `-S`, ಪ್ರಚಾರಕ್ಕೆ `-P`, ಸರ್ಕಾರಕ್ಕೆ `-G`.

ಮೂರನೆಯ ತೊಡಕು ಹೆಚ್ಚು ಅಪಾಯಕಾರಿ. ವಂಚಕರು ಗ್ರಾಹಕರ ಹೆಸರಿನಲ್ಲಿ ಬದಲಿ ಸಿಮ್ ಪಡೆದರೆ ಎಚ್ಚರಿಕೆಯ ಎಸ್‌ಎಂಎಸ್ ವಂಚಕರ ಕೈಗೇ ಹೋಗುತ್ತದೆ. ಸುತ್ತಲಿನವರ ಫೋನಿಗೆ ಸಿಗ್ನಲ್ ಇದ್ದು ತಮ್ಮ ಫೋನಿಗೆ ಮಾತ್ರ ಏಕಾಏಕಿ ಇಲ್ಲವಾದರೆ ಅದು ಇದರ ಲಕ್ಷಣವಿರಬಹುದು. ಅಂತಹ ಸಂದರ್ಭದಲ್ಲಿ ನಿಜವಾದ ಗ್ರಾಹಕರ ಕೈಯಲ್ಲಿರುವ ಫೋನಿಗೆ ಮನೆಯ ವೈಫೈ ಮೂಲಕ ಬರುವ ಪುಷ್ ಸೂಚನೆಯೇ ಆಸರೆ. ಒಂದು ದಾರಿ ಸಿಮ್‌ಗೂ ಮತ್ತೊಂದು ಆ್ಯಪಿಗೂ ಕಟ್ಟಿಕೊಂಡಿರುವುದರಿಂದ ಎರಡೂ ಒಟ್ಟಿಗೆ ಕೈಕೊಡುವ ಸಂಭವ ಕಡಿಮೆ.

ಆಯ್ಕೆ ಹೇಗೆ?

ಯಾವುದೇ ಎಚ್ಚರಿಕೆಗೆ ದಾರಿ ಆರಿಸುವಾಗ ಎರಡು ಪ್ರಶ್ನೆಗಳು ಸಾಕು. ಸಂದೇಶ ತಡವಾದರೆ ಆಗುವ ಹಾನಿ ಎಷ್ಟು? ಗ್ರಾಹಕರು ಆ ಹೊತ್ತಿನಲ್ಲಿ ಆ್ಯಪಿನೊಳಗೆ ಇರುತ್ತಾರೆಯೇ?

ಅನುಮಾನಾಸ್ಪದ ಹಣ ಕಡಿತಕ್ಕೆ ಎಸ್‌ಎಂಎಸ್ ಮತ್ತು ಪುಷ್ ಏಕಕಾಲಕ್ಕೆ ಹೋಗುವುದು ಸರಿ. ಮೊದಲು ಪುಷ್, ಅದು ವಿಫಲವಾದರೆ ಎಸ್‌ಎಂಎಸ್ ಎಂಬ ಮಿತವ್ಯಯದ ಕ್ರಮ ಇಲ್ಲಿ ನಂಬಲರ್ಹವಲ್ಲ. ಏಕೆಂದರೆ ಪುಷ್ ವಿಫಲವಾದದ್ದು ಸಕಾಲದಲ್ಲಿ ತಿಳಿಯುವ ಖಾತರಿಯಿಲ್ಲ. ಮುಂದಿನ ವಾರ ಠೇವಣಿಯ ಅವಧಿ ಮುಗಿಯಲಿದೆ ಎಂಬ ಸೂಚನೆಗೆ ಪುಷ್ ಸಾಕು. ಎರಡು ಮೂರು ದಿನಗಳಲ್ಲಿ ಗ್ರಾಹಕರು ಅದನ್ನು ತೆರೆಯದಿದ್ದರೆ ಎಸ್‌ಎಂಎಸ್ ಕಳುಹಿಸಲು ಸಮಯವಿರುತ್ತದೆ. ಆ್ಯಪಿನಲ್ಲಿ ಸೇರಿದ ಹೊಸ ಸೌಲಭ್ಯದ ವಿವರಕ್ಕೆ ಇನ್-ಆ್ಯಪ್ ಸಂದೇಶವೇ ಯೋಗ್ಯ. 'ಈ ವಹಿವಾಟು ನಿಮ್ಮದೇ?' ಎಂದು ವಿವರವಾಗಿ ಕೇಳಿ ಉತ್ತರ ಪಡೆಯುವುದಕ್ಕೂ ಅದೇ ಸುರಕ್ಷಿತ. ಅಲ್ಲಿ ಗ್ರಾಹಕರು ಪಿನ್ ಹಾಕಿ ಒಳಬಂದಿರುತ್ತಾರೆ, ಲಿಂಕ್ ಒತ್ತುವ ಅಗತ್ಯವಿರುವುದಿಲ್ಲ. ಆದರೆ ಅವರನ್ನು ಅಲ್ಲಿಗೆ ಕರೆತರುವ ಕೆಲಸ ಉಳಿದೆರಡರದ್ದು.

ಸಣ್ಣ ಮೊತ್ತಗಳ ಸಂದೇಶ ಅತಿಯಾದರೆ ದೊಡ್ಡ ಮೊತ್ತದ ಸಂದೇಶವನ್ನೂ ಜನ ಓದದೆ ಬಿಡುತ್ತಾರೆ ಎಂಬ ಸಮಸ್ಯೆಯೂ ಇದೆ. ಎಚ್‌ಡಿಎಫ್‌ಸಿ ಬ್ಯಾಂಕ್ 2024ರ ಜೂನ್ 25ರಿಂದ ಯುಪಿಐ ಮೂಲಕ 100 ರೂಪಾಯಿಗಿಂತ ಕಡಿಮೆ ಮೊತ್ತ ಪಾವತಿಯಾದಾಗ ಮತ್ತು 500 ರೂಪಾಯಿಗಿಂತ ಕಡಿಮೆ ಮೊತ್ತ ಜಮೆಯಾದಾಗ ಎಸ್‌ಎಂಎಸ್ ಕಳುಹಿಸುವುದನ್ನು ನಿಲ್ಲಿಸಿ, ಇ-ಮೇಲ್ ಸೂಚನೆ ಮುಂದುವರಿಸಿತು.

ಗ್ರಾಹಕರ ಮಟ್ಟಿಗೆ ಪರೀಕ್ಷೆ ಸರಳ. ಸಣ್ಣ ಮೊತ್ತಗಳಿಗೆ ಎಸ್‌ಎಂಎಸ್ ಬಾರದಿರಬಹುದಾದ್ದರಿಂದ ತುಸು ದೊಡ್ಡ ಮೊತ್ತವನ್ನು ಮನೆಯವರ ಖಾತೆಗೆ ವರ್ಗಾಯಿಸಿ, ಎಸ್‌ಎಂಎಸ್ ಮತ್ತು ಪುಷ್ ಎರಡೂ ಬಂದವೇ ಎಂದು ನೋಡಬಹುದು. ಪುಷ್ ಬಾರದಿದ್ದರೆ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆ್ಯಪಿನ ನೋಟಿಫಿಕೇಶನ್ ಅನುಮತಿ ಹಾಗೂ ಬ್ಯಾಟರಿ ನಿರ್ಬಂಧವನ್ನು ಪರಿಶೀಲಿಸಬೇಕು. ಎಸ್‌ಎಂಎಸ್ ಬಾರದಿದ್ದರೆ ಖಾತೆಯಲ್ಲಿ ನೋಂದಾಯಿತವಾದ ಸಂಖ್ಯೆ ಹಳೆಯದೇ ಎಂದು ಶಾಖೆಯಲ್ಲಿ ವಿಚಾರಿಸಬೇಕು. ಫೋನ್ ಅಥವಾ ಸಿಮ್ ಬದಲಿಸಿದ ದಿನ ಈ ಪರೀಕ್ಷೆಯನ್ನು ಮತ್ತೊಮ್ಮೆ ಮಾಡುವುದು ಲೇಸು.