ಮೂರು ಪ್ಲಾನ್‌ಗಳ ದರ ಸ್ಲೈಡ್

ಒಂದೇ ಸೇವೆಯನ್ನು ಮೂರು ಹಂತಗಳಾಗಿ ವಿಂಗಡಿಸಿ, ಮೂರು ಬೆಲೆಗಳನ್ನು ಅಕ್ಕಪಕ್ಕದಲ್ಲಿಟ್ಟು ಗ್ರಾಹಕರಿಗೆ ತೋರಿಸುವ ಪುಟವೇ ದರ ಸ್ಲೈಡ್. ಬಿಲ್ಲಿಂಗ್ ಸಾಫ್ಟ್‌ವೇರ್‌ನಂತಹ, ವರ್ಷಕ್ಕೊಮ್ಮೆ ಹಣ ಕಟ್ಟುವ ಸೇವೆಗಳ ಮಾರಾಟದಲ್ಲಿ ಇದರ ಬಳಕೆ ಹೆಚ್ಚು.

ಮೂರು ಬೆಲೆ ಕಂಡವರು ನಡುವಿನದಕ್ಕೆ ವಾಲುವುದು ಸಂಶೋಧಕರು ಗುರುತಿಸಿರುವ ಪ್ರವೃತ್ತಿ. ಅವರಲ್ಲೊಬ್ಬರಾದ ಇಟಮಾರ್ ಸೈಮನ್‌ಸನ್ 1989ರಲ್ಲಿ ಇದನ್ನು ಪ್ರಯೋಗಗಳ ಮೂಲಕ ವಿವರಿಸಿದರು. ತೀರ ಅಗ್ಗದ್ದು ಸಾಲದೇ ಹೋದೀತು, ತೀರ ದುಬಾರಿಯದು ದಂಡವಾದೀತು ಎಂಬ ಎರಡು ಅಳುಕುಗಳ ನಡುವೆ ಮಧ್ಯದ್ದನ್ನು ಆರಿಸಿದರೆ ಸಮರ್ಥನೆ ಸುಲಭ. ಮಾರುವವರ ಕೈಯಲ್ಲಿ ಇದು ದೊಡ್ಡ ಬಲ. ಕೊಳ್ಳುವವರ ವ್ಯಾಪಾರಕ್ಕೆ ನಡುವಿನ ಪ್ಲಾನ್ ನಿಜಕ್ಕೂ ಹೊಂದುತ್ತದೆಯೇ ಎಂಬುದು ಮಾತ್ರ ಬೇರೆಯೇ ಪ್ರಶ್ನೆ. ಒಳ್ಳೆಯ ಸ್ಲೈಡ್ ಉತ್ತರಿಸಬೇಕಾದದ್ದು ಈ ಪ್ರಶ್ನೆಗೇ.

ವ್ಯಾಪಾರದಿಂದ ವ್ಯಾಪಾರಕ್ಕೆ ಅಗತ್ಯ ಬೇರೆಯಾಗುವುದು ಕೊಪ್ಪಳ ಜಿಲ್ಲೆಯಲ್ಲಿ ಎದ್ದು ಕಾಣುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಣ್ಣುವ ಗಂಗಾವತಿ ಭತ್ತದ, ಅಕ್ಕಿ ಗಿರಣಿಗಳ ಊರು. ಕುಷ್ಟಗಿ, ಯಲಬುರ್ಗಾ ಬಹುಪಾಲು ಮಳೆಯನ್ನೇ ನೆಚ್ಚಿದ ಒಣಬೇಸಾಯದ ಸೀಮೆ. ಗಿರಣಿಯ ಬಿಲ್ಲುಗಳು ಕಡಿಮೆ, ಒಂದೊಂದರ ಮೊತ್ತ ದೊಡ್ಡದು. ಒಣಸೀಮೆಯ ಕಿರಾಣಿ ಅಂಗಡಿಯಲ್ಲಿ ಇದಕ್ಕೆ ತದ್ವಿರುದ್ಧ. ಹಾಗಾಗಿ ಪ್ಲಾನ್‌ಗಳನ್ನು ಬಿಲ್ಲಿನ ಸಂಖ್ಯೆಯೊಂದರಿಂದಲೇ ವಿಂಗಡಿಸಿದ ಸ್ಲೈಡ್ ಇಬ್ಬರಿಗೂ ತಪ್ಪು ದಾರಿ ತೋರುತ್ತದೆ.

ಉದಾಹರಣೆಗೆ, ವರ್ಷಕ್ಕೆ 3,600, 7,800 ಮತ್ತು 18,000 ರೂಪಾಯಿಯ ಮೂರು ಕಾಲ್ಪನಿಕ ಪ್ಲಾನ್‌ಗಳನ್ನು ಇಟ್ಟುಕೊಳ್ಳೋಣ. ಮೊದಲನೆಯದಕ್ಕೆ ತಿಂಗಳಿಗೆ 500 ಬಿಲ್ಲಿನ ಮಿತಿ ಇದೆ. ಯಲಬುರ್ಗಾದ ಕಿರಾಣಿ ಅಂಗಡಿಯೊಂದು ದಿನಕ್ಕೆ 40 ಬಿಲ್ ಹರಿಯುತ್ತದೆ ಎಂದರೆ, 26 ದಿನಕ್ಕೆ 1,040 ಆಯಿತು. ಮಿತಿ ಹದಿಮೂರನೆಯ ದಿನವೇ ಮುಗಿಯುತ್ತದೆ. ಅಂಥ ಮೊದಲ ಪ್ಲಾನ್ ನಿಜದಲ್ಲಿ ಪ್ಲಾನೇ ಅಲ್ಲ, ನಡುವಿನದಕ್ಕೆ ತಳ್ಳುವ ಮೆಟ್ಟಿಲು. ಮಿತಿಯನ್ನು 1,500ಕ್ಕೆ ಏರಿಸಿ, ‘ಒಂದು ಗಲ್ಲಾ, ಒಬ್ಬ ಗುಮಾಸ್ತ’ ಎಂದು ಬರೆದರೆ ಅಂಗಡಿಯವರು ತಮ್ಮನ್ನು ಅಲ್ಲಿ ತಕ್ಷಣ ಗುರುತಿಸಿಕೊಳ್ಳುತ್ತಾರೆ. ನಡುವಿನ ಪ್ಲಾನ್ ಎರಡು ಮೂರು ಗಲ್ಲಾ, ಗೋದಾಮಿನ ದಾಸ್ತಾನು, ಉದ್ರಿ ಖಾತೆ ಇರುವವರಿಗೆ ಉಳಿಯಲಿ.

ಇ-ಇನ್‌ವಾಯ್ಸ್ ಇರುವ ಮೂರನೆಯ ಪ್ಲಾನ್‌ನ ಗೆರೆಯನ್ನು ಕಾನೂನೇ ಎಳೆದಿದೆ. ವಹಿವಾಟು 5 ಕೋಟಿ ರೂಪಾಯಿ ದಾಟಿದವರಿಗೆ ವ್ಯಾಪಾರಿಗಳ ನಡುವಿನ ತೆರಿಗೆ ಬಿಲ್ಲುಗಳಲ್ಲಿ ಇ-ಇನ್‌ವಾಯ್ಸ್ 2023ರ ಆಗಸ್ಟ್ 1ರಿಂದ ಕಡ್ಡಾಯ. ಇಲ್ಲೊಂದು ಸೂಕ್ಷ್ಮವಿದೆ: ಲೆಕ್ಕಕ್ಕೆ ಬರುವುದು ಈ ವರ್ಷದ ವಹಿವಾಟಲ್ಲ, 2017-18ರಿಂದೀಚೆಗೆ ಯಾವುದಾದರೂ ಹಿಂದಿನ ವರ್ಷ ಒಮ್ಮೆ ಮಿತಿ ದಾಟಿದ್ದರೂ ಸಾಕು. ಫಸಲು ಚೆನ್ನಾಗಿದ್ದ ವರ್ಷ 6 ಕೋಟಿ ಮುಟ್ಟಿ, ಆಮೇಲೆ 4 ಕೋಟಿಗೆ ಇಳಿದ ಗಂಗಾವತಿಯ ಗಿರಣಿ ಮಾಲೀಕರು 25 ಕೆಜಿ ಅಥವಾ ಅದಕ್ಕಿಂತ ಚಿಕ್ಕ ಲೇಬಲ್ ಹಚ್ಚಿದ ಚೀಲಗಳನ್ನು ಡೀಲರ್‌ಗೆ ಮಾರುವಾಗ ಇ-ಇನ್‌ವಾಯ್ಸ್ ಮಾಡಲೇಬೇಕು. ‘5 ಕೋಟಿ ಮೇಲ್ಪಟ್ಟವರಿಗೆ’ ಎಂದಷ್ಟೇ ಬರೆದ ಸ್ಲೈಡ್ ಇವರನ್ನು ನಡುವಿನ ಪ್ಲಾನ್‌ಗೆ ಕಳಿಸಿಬಿಡುತ್ತದೆ. ‘ಒಮ್ಮೆಯಾದರೂ 5 ಕೋಟಿ ದಾಟಿದ್ದರೆ’ ಎಂದು ಬರೆಯಬೇಕು.

ತೆರಿಗೆಯ ಮಾತೂ ಇದೇ ಪುಟದಲ್ಲಿ ಇರಬೇಕು. ಸಾಫ್ಟ್‌ವೇರ್ ಸೇವೆಗೆ ಶೇ. 18 ಜಿಎಸ್‌ಟಿ ಸೇರಿದರೆ 3,600 ರೂಪಾಯಿ 4,248 ಆಗುತ್ತದೆ. ಸಾಮಾನ್ಯ ನೋಂದಣಿ ಇದ್ದು, ತೆರಿಗೆ ಇರುವ ಸರಕನ್ನಷ್ಟೇ ಮಾರುವವರು ಆ 648 ರೂಪಾಯಿಯನ್ನು ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಡಿತ ಮಾಡಿಕೊಳ್ಳಬಹುದು. ಕಾಂಪೊಸಿಷನ್ ಯೋಜನೆಯಲ್ಲಿರುವ ಚಿಕ್ಕ ಅಂಗಡಿಗೆ ಆ ಅವಕಾಶವಿಲ್ಲ, ಅದು ಪೂರ್ತಿ ಕೈಯಿಂದ ಹೋಗುವ ಹಣ. ಬೆಲೆಗೆ ಅತ್ಯಂತ ಹೆಚ್ಚು ಅಂಜುವವರೇ ತೆರಿಗೆ ವಾಪಸು ಸಿಗದವರು. ಆದ್ದರಿಂದ ಕಟ್ಟಬೇಕಾದ ಒಟ್ಟು ಮೊತ್ತವನ್ನು ದೊಡ್ಡ ಅಕ್ಷರದಲ್ಲೇ ಹಾಕುವುದು ಸರಿ. ‘ತಿಂಗಳಿಗೆ 300’ ಎಂದು ತೋರಿಸಿ ವರ್ಷದ ಹಣವನ್ನು ಒಟ್ಟಿಗೆ ವಸೂಲು ಮಾಡುವ ರೂಢಿ ಕೊಳ್ಳುವವರನ್ನು ದಾರಿ ತಪ್ಪಿಸುತ್ತದೆ.

‘ಹೆಚ್ಚು ಜನರ ಆಯ್ಕೆ’ ಎಂಬ ಪಟ್ಟಿಯನ್ನು ನಡುವಿನ ಪ್ಲಾನ್‌ನ ತಲೆಗೆ ಅಂಟಿಸುವುದು ವಾಡಿಕೆ. ಮಾರಾಟದ ಲೆಕ್ಕ ಅದನ್ನು ಬೆಂಬಲಿಸದಿದ್ದರೆ ಅದು ಸುಳ್ಳು. ನಿಜವೇ ಆಗಿದ್ದರೂ ಯಾರ ಆಯ್ಕೆ ಎಂಬುದು ಅದರಿಂದ ತಿಳಿಯುವುದಿಲ್ಲ. ‘ಎರಡು ಗಲ್ಲಾ ಇರುವ ಗೊಬ್ಬರದ ಅಂಗಡಿಗೆ’ ಎಂಬ ಸಾಲು ಆ ಪಟ್ಟಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಸ್ಲೈಡ್ ಸರಿಯಿದೆಯೇ ಎಂಬುದು ಮಾರಾಟದ ದಿನ ಗೊತ್ತಾಗುವುದಿಲ್ಲ. ಮೊದಲ ಪ್ಲಾನ್ ಕೊಂಡವರಲ್ಲಿ ಬಹುಪಾಲು ಮಂದಿ ಮೂರು ತಿಂಗಳಲ್ಲೇ ಮೇಲಿನದಕ್ಕೆ ಏರಬೇಕಾಗಿ ಬಂದರೆ ಕೆಳಗಿನ ಮಿತಿ ಬಿಗಿಯಾಗಿದೆ. ನಡುವಿನದನ್ನು ಕೊಂಡವರು ದಾಸ್ತಾನಿನ ಪುಟವನ್ನು ಒಮ್ಮೆಯೂ ತೆರೆಯದೆ ವರ್ಷ ಕಳೆದಿದ್ದರೆ ಅವರಿಗೆ ಬೇಡದ್ದನ್ನು ಮಾರಲಾಗಿದೆ. ಅಂಥವರು ನವೀಕರಣದ ಹೊತ್ತಿಗೆ ಕೆಳಗಿನ ಪ್ಲಾನ್‌ಗೆ ಇಳಿಯಬಹುದೇ, ಇಳಿದರೆ ಹಳೆಯ ಬಿಲ್ಲು, ಖಾತೆಗಳು ಉಳಿಯುತ್ತವೆಯೇ ಎಂಬುದನ್ನು ಸ್ಲೈಡಿನ ಕೊನೆಯ ಸಾಲಿನಲ್ಲೇ ಬರೆದಿರಬೇಕು.